4.00 ಗ್ರಾಂ ಕಾಸ್ಟಿಕ್ ಸೋಡಾ ತೂಗಿ ಹಾಕಿದರೂ 0.1 ಮೋಲಾರ್ ಬರುತ್ತಿಲ್ಲ, ಮೂರನೇ ರೀಡಿಂಗ್ ಬೇರೆಯೇ ಬಂದಿದೆ

ಸುಪ್ರಿಯಾ_ಲ್ಯಾಬ್
ಎಲ್ಲರಿಗೂ ನಮಸ್ಕಾರ. ಸೋಡಿಯಂ ಹೈಡ್ರಾಕ್ಸೈಡ್ ಪೆಲೆಟ್ 4.00 ಗ್ರಾಂ ತೂಗಿ ನೀರಿನಲ್ಲಿ ಕರಗಿಸಿ, 1 ಲೀಟರ್ ವಾಲ್ಯುಮೆಟ್ರಿಕ್ ಫ್ಲಾಸ್ಕ್‌ನಲ್ಲಿ ಗೆರೆವರೆಗೆ ತುಂಬಿಸಿದ್ದೇನೆ. ಲೆಕ್ಕದ ಪ್ರಕಾರ 0.1000 M ಬರಬೇಕು. ಕೆಎಚ್‌ಪಿ, ಅಂದರೆ ಪೊಟ್ಯಾಶಿಯಂ ಹೈಡ್ರೋಜನ್ ಥ್ಯಾಲೇಟ್ ಎದುರು ಟೈಟ್ರೇಟ್ ಮಾಡಿದಾಗ ಬಂದದ್ದು ಇದು. ಇಂಡಿಕೇಟರ್ ಫಿನಾಲ್ಫ್ತಲೀನ್, ಪ್ರತಿ ಸಲ ಸುಮಾರು 50 ಎಂಎಲ್ ನೀರು.

```
   KHP (g)    NaOH (mL)    M
1  0.5124     26.13        0.0960
2  0.4987     25.41        0.0961
3  0.5310     26.65        0.0976
```

ಎರಡು ಪ್ರಶ್ನೆ. ತೂಕ ಸರಿ ಇದ್ದರೂ 0.1 ಯಾಕೆ ಬರಲಿಲ್ಲ? ಮೂರನೆಯದು ಯಾಕೆ ಹೆಚ್ಚಾಯಿತು? ಮೂರರ ಸರಾಸರಿ ಹಾಕಿಬಿಡಲೇ?

ಗಿರೀಶ್ ೭೭
ಬಾಟ್ಲಿ ಹಳೇದಾಗಿದೆ. ಹೊಸ ಬಾಟ್ಲಿ ಒಡೆಯಿರಿ, 0.1 ಬರುತ್ತೆ.

ಕೆಮಿಸ್ಟ್ರಿ ಮೇಷ್ಟ್ರು
ಗಿರೀಶ್, ಹೊಸ ಬಾಟ್ಲಿಯಲ್ಲೂ ಬರುವುದಿಲ್ಲ. ಸೀಲ್ ಒಡೆಯದ ಬಾಟ್ಲಿಯ ಲೇಬಲ್ ಓದಿ ನೋಡಿ. ಅಸ್ಸೇ ಕನಿಷ್ಠ ಇಷ್ಟು ಶೇಕಡಾ ಅಂತ ಇರುತ್ತದೆ, ಅದರ ಕೆಳಗೇ ಕಾರ್ಬೊನೇಟ್ ಗರಿಷ್ಠ ಇಷ್ಟು ಅಂತಲೂ ಇರುತ್ತದೆ. "ಕನಿಷ್ಠ" ಅಂದರೆ ನಿಖರ ಬೆಲೆಯನ್ನು ತಯಾರಕರೂ ಹೇಳಿಲ್ಲ ಅಂತ ಅರ್ಥ. ಅದು 97 ಇರಬಹುದು, 98.6 ಇರಬಹುದು.

ಸುಪ್ರಿಯಾ ಅವರೇ, ಒಂದು ಪೆಲೆಟ್ಟನ್ನು ವಾಚ್‌ಗ್ಲಾಸ್ ಮೇಲಿಟ್ಟು ಸ್ವಲ್ಪ ಹೊತ್ತು ನೋಡಿ. ಬಾಟ್ಲಿಯಿಂದ ತೆಗೆದಾಗ ಮಾಸಲು ಬಿಳಿ. ಕೆಲವೇ ನಿಮಿಷದಲ್ಲಿ ಮೈ ಮಿರುಗತೊಡಗುತ್ತದೆ, ಅಂಚಿನಲ್ಲಿ ಒದ್ದೆ ಕಾಣುತ್ತದೆ, ಆಮೇಲೆ ಗಾಜಿಗೆ ಅಂಟಿಕೊಳ್ಳುತ್ತದೆ. ಅದನ್ನು ತಕ್ಕಡಿ ಮೇಲಿಟ್ಟರೆ ಕೊನೆಯ ಅಂಕಿ ನಿಲ್ಲುವುದೇ ಇಲ್ಲ, ಏರುತ್ತಲೇ ಹೋಗುತ್ತದೆ. ನೀವು 4.00 ಗ್ರಾಂ ತೂಗಿದ್ದು ನಿಜ. ಅದರಲ್ಲಿ ಸ್ವಲ್ಪ ಗಾಳಿಯ ನೀರು, ಸ್ವಲ್ಪ ಸೋಡಿಯಂ ಕಾರ್ಬೊನೇಟ್. ಸೋಡಾ ಮಾತ್ರ ಎಷ್ಟಿತ್ತು ಅಂತ ತಕ್ಕಡಿ ಹೇಳಲಾರದು. ತೂಕದಿಂದಲೇ ಮೋಲ್ ಲೆಕ್ಕ ಹಿಡಿಯಲು ಬಾರದ ವಸ್ತುವನ್ನು ಪ್ರೈಮರಿ ಸ್ಟ್ಯಾಂಡರ್ಡ್ ಅನ್ನಲಾಗದು, ವಿಷಯ ಇಷ್ಟೇ. 0.096 ಬಂದದ್ದರಲ್ಲಿ ಅಸಹಜವಾದದ್ದು ಏನೂ ಇಲ್ಲ.

ಸರಾಸರಿ ಮಾತ್ರ ಈಗಲೇ ಹಾಕಬೇಡಿ. ಮೂರನೆಯದಕ್ಕೆ ಬೇರೆ ಕಾರಣ ಇದೆ.

ನವೀನ_ಎಂ
ಹಾಗಾದ್ರೆ ಪೆಲೆಟ್ಟನ್ನ ಓವನ್‌ನಲ್ಲಿ 110 ಡಿಗ್ರಿಗೆ ಒಣಗಿಸಿ ಡೆಸಿಕೇಟರ್‌ನಲ್ಲಿ ಆರಿಸಿ ತೂಗಿದ್ರೆ ಆಯ್ತಲ್ಲ? ಕೆಎಚ್‌ಪಿಗೆ ಮಾಡೋದೂ ಅದನ್ನೇ ತಾನೆ.

ವಸುಧಾ ಕೆ.
ಆಗಲ್ಲ ನವೀನ್. ಕಾಸ್ಟಿಕ್ ಸೋಡಾ ನೀರನ್ನ ಬಿಗಿಯಾಗಿ ಹಿಡಿದುಕೊಂಡಿರುತ್ತೆ, ಆ ಶಾಖಕ್ಕೆ ಪೂರ್ತಿ ಬಿಟ್ಟುಕೊಡಲ್ಲ. ಓವನ್ ಒಳಗಿರೋದೂ ಗಾಳಿನೇ, ಅದರಲ್ಲಿರೋ ಕಾರ್ಬನ್ ಡೈಆಕ್ಸೈಡನ್ನ ಅಲ್ಲೂ ಹೀರ್ತಾನೇ ಇರುತ್ತೆ. ಒಮ್ಮೆ ಕಾರ್ಬೊನೇಟ್ ಆದದ್ದು ಆ ಓವನ್ನಿನ ಶಾಖಕ್ಕೆ ವಾಪಸ್ ಸೋಡಾ ಆಗಲ್ಲ. ಒಣಗಿಸೋಕೆ ಹೋಗಿ ಇನ್ನಷ್ಟು ಕೆಡಿಸಿದ ಹಾಗೆ.

ಕೆಎಚ್‌ಪಿ ಇದಕ್ಕೆ ಪೂರ್ತಿ ಉಲ್ಟಾ. ಗಾಳಿಯಿಂದ ತೇವ ಎಳ್ಕೊಳ್ಳೋದು ತೀರಾ ಕಡಿಮೆ. 110ರಿಂದ 120 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟರೆ ಮೇಲ್ಮೈ ತೇವ ಹೋಗುತ್ತೆ, ಉಪ್ಪು ಹಾಗೇ ಇರುತ್ತೆ. ತೀರಾ ಮೇಲಕ್ಕೆ ಹೋಗಬಾರದು, ಥ್ಯಾಲಿಕ್ ಅನ್‌ಹೈಡ್ರೈಡ್ ಆಗೋಕೆ ಶುರು ಆಗುತ್ತೆ. ಓವನ್ ಡಯಲ್ ನಂಬದೆ ಒಳಗೊಂದು ಥರ್ಮಾಮೀಟರ್ ಇಡೋದು ವಾಸಿ.

ಗಿರೀಶ್ ೭೭
ಆಕ್ಸಾಲಿಕ್ ಆಸಿಡ್ ಇರುವಾಗ ಕೆಎಚ್‌ಪಿನೇ ಯಾಕೆ ಬೇಕು? ಕಾಲೇಜಿನಲ್ಲಿ ಎಲ್ಲರೂ ಅದನ್ನೇ ಮಾಡಿರೋದು.

ವಸುಧಾ ಕೆ.
ಮಾಡಬಹುದು, ತಪ್ಪೇನಿಲ್ಲ. ಆದರೆ ಅದರ ಹರಳಿನಲ್ಲಿ ಎರಡು ನೀರಿನ ಅಣು ಇದೆ. ಒಣ ಗಾಳಿಯಲ್ಲಿ ಅವು ಸ್ವಲ್ಪ ಸ್ವಲ್ಪ ಬಿಟ್ಟು ಹೋಗ್ತವೆ, ಓವನ್‌ಗೆ ಇಟ್ಟರಂತೂ ಕೇಳೋದೇ ಬೇಡ. ಇನ್ನೊಂದು, ಅದರ ಮೋಲಾರ್ ತೂಕ 126, ಅದೂ ಎರಡು ಪ್ರೋಟಾನ್. ಅಂದರೆ ಒಂದು ಪ್ರೋಟಾನಿಗೆ 63 ಗ್ರಾಂ. ಕೆಎಚ್‌ಪಿಯಲ್ಲಿ ಒಂದು ಪ್ರೋಟಾನಿಗೆ 204.22. ಬ್ಯೂರೆಟ್‌ನಲ್ಲಿ 25 ಎಂಎಲ್ ಇಳಿಯೋಕೆ ಇದು ಅರ್ಧ ಗ್ರಾಂ ಬೇಕು, ಆಕ್ಸಾಲಿಕ್ 0.16 ಗ್ರಾಂ ಸಾಕು. ತಕ್ಕಡಿಯಲ್ಲಿ 0.2 ಮಿಲಿಗ್ರಾಂ ತಪ್ಪಾದರೆ ಯಾವುದಕ್ಕೆ ಜಾಸ್ತಿ ಪೆಟ್ಟು ಅಂತ ನೀವೇ ನೋಡಿ.

ಕೆಮಿಸ್ಟ್ರಿ ಮೇಷ್ಟ್ರು
ಈಗ ಮೂರನೇ ರೀಡಿಂಗ್‌ಗೆ ಬರೋಣ. ಮೊದಲೆರಡರ ಪ್ರಕಾರ ದ್ರಾವಣ 0.0961 ಆಸುಪಾಸು. ಹಾಗಿದ್ದರೆ 0.5310 ಗ್ರಾಂ ಕೆಎಚ್‌ಪಿಗೆ 27.07 ಎಂಎಲ್ ಹೋಗಬೇಕಿತ್ತು. ನೀವು ನಿಲ್ಲಿಸಿದ್ದು 26.65ಕ್ಕೆ. 0.42 ಎಂಎಲ್ ಕಡಿಮೆ. ಹೆಚ್ಚು ಹನಿ ಬಿದ್ದು ಎಂಡ್ ಪಾಯಿಂಟ್ ದಾಟಿದ್ದರೆ ವಾಲ್ಯೂಮ್ ಜಾಸ್ತಿಯಾಗಿ ಮೊಲಾರಿಟಿ *ಇಳಿಯಬೇಕಿತ್ತು*. ಇಲ್ಲಿ ಏರಿದೆ. ಅಂದರೆ ತೂಗಿದ ಆಮ್ಲದಲ್ಲಿ ಸ್ವಲ್ಪ ಭಾಗ ಸೋಡಾದ ಕೈಗೆ ಸಿಕ್ಕೇ ಇಲ್ಲ.

ಆ 0.42 ಎಂಎಲ್‌ಗೆ ಸಮನಾದ ಕೆಎಚ್‌ಪಿ ಎಷ್ಟು? ಸುಮಾರು 8 ಮಿಲಿಗ್ರಾಂ. ಅದು ನಾಲ್ಕಾರು ಹರಳಿನ ತೂಕ. ಅವು ಕರಗದೆ ಫ್ಲಾಸ್ಕಿನ ತಳದಲ್ಲಿ ಉಳಿದಿರಬೇಕು ಅನ್ನುವುದು ನನ್ನ ಊಹೆ. ಕೆಎಚ್‌ಪಿ ತಣ್ಣೀರಿನಲ್ಲಿ ನಿಧಾನ, ದಪ್ಪ ಹರಳಾದರೆ ಇನ್ನೂ ನಿಧಾನ. ತೂಗುವ ದೋಣಿಯಿಂದ ಫ್ಲಾಸ್ಕಿಗೆ ಹಾಕುವಾಗ ಚೆಲ್ಲಿದ್ದರೂ ಇದೇ ಫಲ ಬರುತ್ತದೆ, ಹಾಗಾಗಿ ಖಚಿತ ಅನ್ನಲಾರೆ. ಒಂದು ಕೇಳುತ್ತೇನೆ: ಮೂರನೇ ಸಲ ಗುಲಾಬಿ ಬಣ್ಣ ಬಂದು ಮಾಯವಾಗುತ್ತಿತ್ತೇ?

ಸುಪ್ರಿಯಾ_ಲ್ಯಾಬ್
ಹೌದು ಸರ್! ಬಣ್ಣ ಬರ್ತಿತ್ತು, ಅಲುಗಾಡಿಸಿದ್ರೆ ಹೋಗ್ತಿತ್ತು. ಗಾಳಿಯ ಕಾರ್ಬನ್ ಡೈಆಕ್ಸೈಡ್‌ನಿಂದ ಹಾಗಾಗುತ್ತೆ ಅಂತ ಓದಿದ್ದೆ, ಅದಕ್ಕೇ ಮೊದಲು ಬಣ್ಣ ಕಂಡ ಜಾಗದಲ್ಲೇ ನಿಲ್ಲಿಸಿದೆ.

ಕೆಮಿಸ್ಟ್ರಿ ಮೇಷ್ಟ್ರು
ಅಲ್ಲೇ ಇದೆ ನೋಡಿ. ಬಣ್ಣ ಮಾಯವಾಗಲು ಮೂರು ದಾರಿ ಇವೆ, ಒಂದೊಂದರ ವೇಗ ಬೇರೆ ಬೇರೆ.

ತಳದಲ್ಲಿ ಹರಳಿದ್ದರೆ ಅಲುಗಾಡಿಸಿದ ಹಾಗೆ ಹಾಗೇ ಹೋಗುತ್ತದೆ, ಮತ್ತೆ ಹನಿ ಹಾಕಿದರೆ ಮತ್ತೆ ಬಂದು ಹೋಗುತ್ತದೆ. ಫ್ಲಾಸ್ಕನ್ನು ಓರೆ ಮಾಡಿ ಬೆಳಕಿಗೆ ಹಿಡಿದು ಕೆಳಗಿನಿಂದ ನೋಡಿದರೆ ಹೊಳೆಯುವ ಚೂರುಗಳು ಕಾಣುತ್ತವೆ.

ಸೋಡಾ ದ್ರಾವಣದಲ್ಲೇ ಕಾರ್ಬೊನೇಟ್ ಇದ್ದರೆ ಅದು ಮೊದಲಿಗೆ ಆಮ್ಲೀಯ ಕೆಎಚ್‌ಪಿಗೆ ಬಿದ್ದಾಗ ಬಹುಪಾಲು ಕರಗಿದ ಕಾರ್ಬನ್ ಡೈಆಕ್ಸೈಡ್ ಆಗಿ ಕೂತಿರುತ್ತದೆ. ಎಂಡ್ ಪಾಯಿಂಟ್ ಹತ್ತಿರ ಬಂದಾಗ ಅದು ಸೋಡಾವನ್ನು ತಿನ್ನುತ್ತದೆ, ಆದರೆ ತಕ್ಷಣ ಅಲ್ಲ, ಕೆಲವು ಸೆಕೆಂಡು ತಗೊಳ್ಳುತ್ತದೆ. ಹಾಗಾಗಿ ಬಣ್ಣ ಬಂದು, ನಿಂತ ಹಾಗೆ ಮಾಡಿ, ಮೆಲ್ಲಗೆ ಜಾರುತ್ತದೆ. ಕೊನೆಯ ನಾಲ್ಕೈದು ಹನಿ ಹೀಗೆಯೇ ಎಳೆದಾಡುತ್ತದೆ.

ಗಾಳಿಯಿಂದ ಬರುವುದು ಎಲ್ಲಕ್ಕಿಂತ ನಿಧಾನ. ಅದಕ್ಕೇ 30 ಸೆಕೆಂಡ್ ಬಣ್ಣ ನಿಂತರೆ ಸಾಕು ಅನ್ನುವುದು. ಐದು ನಿಮಿಷ ಬಿಟ್ಟು ಬಣ್ಣ ಹೋದರೆ ತಲೆ ಕೆಡಿಸಿಕೊಳ್ಳಬೇಡಿ, ಮತ್ತೆ ಹನಿ ಹಾಕಲೂ ಬೇಡಿ.

ಮುಂದಿನ ಸಲ ಹರಳನ್ನು ಓವನ್‌ಗೆ ಇಡುವ ಮೊದಲೇ ಖಲ್ಲಿನಲ್ಲಿ ಹಗುರವಾಗಿ ಪುಡಿ ಮಾಡಿ. ನೀರನ್ನು ಸ್ವಲ್ಪ ಬಿಸಿ ಮಾಡಿ ಕರಗಿಸಿ, ತಣಿಸಿ, ಆಮೇಲೆ ಬ್ಯೂರೆಟ್ ಕೆಳಗೆ ಇಡಿ.

ಅಡಿಗ_ಟೈಟ್ರೇಟರ್
ಇಷ್ಟೆಲ್ಲ ಕಾರ್ಬೊನೇಟ್ ಭಯ ಯಾಕೆ? ಹೇಗೂ ಕೆಎಚ್‌ಪಿ ಎದುರು ಸ್ಟ್ಯಾಂಡರ್ಡೈಸ್ ಮಾಡ್ತೀವಲ್ಲ. ಒಳಗೆ ಏನೇ ಇರಲಿ, ಅದನ್ನೂ ಸೇರಿಸಿಯೇ ಮೊಲಾರಿಟಿ ಬರುತ್ತೆ. ಲೆಕ್ಕದಲ್ಲಿ ಸರಿಹೋಗುತ್ತೆ.

ವಸುಧಾ ಕೆ.
ಅಡಿಗ ಸರ್, ಅರ್ಧ ಒಪ್ತೀನಿ. ಮುಂದೆ ಮಾಡೋ ಟೈಟ್ರೇಶನ್ನೂ ಫಿನಾಲ್ಫ್ತಲೀನ್‌ನಲ್ಲೇ ಆದರೆ ನಿಮ್ಮ ಮಾತು ಹೆಚ್ಚುಕಡಿಮೆ ನಡೆಯುತ್ತೆ. ಇಂಡಿಕೇಟರ್ ಬದಲಾದ ಕೂಡಲೇ ನಡೆಯಲ್ಲ.

ಒಂದು ಕಾರ್ಬನ್ ಡೈಆಕ್ಸೈಡ್ ಎರಡು ಹೈಡ್ರಾಕ್ಸೈಡನ್ನ ತಿಂದು ಒಂದು ಕಾರ್ಬೊನೇಟ್ ಆಗುತ್ತೆ.

```
CO2 + 2 NaOH → Na2CO3 + H2O
```

ಫಿನಾಲ್ಫ್ತಲೀನ್ ಬಣ್ಣ ತಿರುಗೋ ಜಾಗದಲ್ಲಿ ಆ ಕಾರ್ಬೊನೇಟ್ ಬೈಕಾರ್ಬೊನೇಟ್‌ವರೆಗೆ ಮಾತ್ರ ಹೋಗುತ್ತೆ, ಅಂದರೆ ತಿಂದ ಎರಡರಲ್ಲಿ ಒಂದನ್ನ ಮಾತ್ರ ವಾಪಸ್ ಕೊಡುತ್ತೆ. ಮಿಥೈಲ್ ಆರೆಂಜ್ ತಿರುಗೋದು ಆಮ್ಲದ ಕಡೆ, ಅಲ್ಲಿ ಎರಡನ್ನೂ ವಾಪಸ್ ಕೊಡುತ್ತೆ. ಒಂದೇ ಬಾಟ್ಲಿ, ಎರಡು ಇಂಡಿಕೇಟರ್‌ಗೆ ಎರಡು ಮೊಲಾರಿಟಿ.

ಸುಪ್ರಿಯಾ ಅವರ 4 ಗ್ರಾಂನಲ್ಲಿ 1% ಕಾರ್ಬೊನೇಟ್ ಇದೆ ಅಂದ್ಕೊಳ್ಳಿ. 0.04 ಗ್ರಾಂ, ಅಂದರೆ 0.38 ಮಿಲಿಮೋಲ್. ಇಂಡಿಕೇಟರ್ ಬದಲಿಸಿದರೆ ಲೀಟರಿಗೆ ಇಷ್ಟು ವ್ಯತ್ಯಾಸ. 96 ಮಿಲಿಮೋಲ್‌ನಲ್ಲಿ ಇದು 0.4%. 25 ಎಂಎಲ್ ಟೈಟ್ರೇಶನ್‌ನಲ್ಲಿ 0.1 ಎಂಎಲ್, ಬ್ಯೂರೆಟ್‌ನ ಒಂದು ಪೂರ್ತಿ ಗೀಟು. ಕೆಎಚ್‌ಪಿಯಿಂದ ಬಂದ ಬೆಲೆ ಇಟ್ಕೊಂಡು ಹೈಡ್ರೋಕ್ಲೋರಿಕ್ ಆಸಿಡನ್ನ ಮಿಥೈಲ್ ಆರೆಂಜ್‌ನಲ್ಲಿ ನೋಡಿದರೆ ಆಸಿಡ್ ಅಷ್ಟು ಕಡಿಮೆ ಕಾಣುತ್ತೆ. ಮೂರು ರೀಡಿಂಗ್ ತಗೊಂಡರೂ ಒಂದೇ ಥರ ಕಡಿಮೆ ಬರೋದರಿಂದ ಯಾರಿಗೂ ಅನುಮಾನವೂ ಬರಲ್ಲ.

ಅಡಿಗ_ಟೈಟ್ರೇಟರ್
ಒಪ್ಪಿದೆ. ಆದರೆ ನಮ್ಮ ಕೆಲಸವೆಲ್ಲ ದುರ್ಬಲ ಆಮ್ಲ, ಎಲ್ಲವೂ ಫಿನಾಲ್ಫ್ತಲೀನ್. ನಮಗೆ ಇದರ ಗೋಜಿಲ್ಲ.

ವಸುಧಾ ಕೆ.
ಬಾಟ್ಲಿ ಮುಚ್ಚಳ ತೆಗೆದಿಟ್ಟು ಊಟಕ್ಕೆ ಹೋಗದಿದ್ದರೆ ಗೋಜಿಲ್ಲ :) ಸ್ಟ್ಯಾಂಡರ್ಡೈಸ್ ಮಾಡಿದ ಮೇಲೆ ಹೀರಿಕೊಂಡಿದ್ದು ನಿಮ್ಮ ಬೆಲೆಯಲ್ಲಿ ಸೇರಿರಲ್ಲ.

ನವೀನ_ಎಂ
ಕೆಎಚ್‌ಪಿಗೂ ಮಿಥೈಲ್ ಆರೆಂಜ್ ಹಾಕಿಬಿಟ್ರೆ ಎರಡೂ ಕಡೆ ಒಂದೇ ಇಂಡಿಕೇಟರ್ ಆಗುತ್ತಲ್ಲ? ಸಮಸ್ಯೆ ಮುಗೀತು.

ಕೆಮಿಸ್ಟ್ರಿ ಮೇಷ್ಟ್ರು
ನವೀನ್, ಪಿಎಚ್ ಮೀಟರ್ ಸೆಟ್ ಮಾಡುವಾಗ ಬಳಸುವ ಪಿಎಚ್ 4 ಬಫರ್ ಇದೆಯಲ್ಲ, ಅದು 0.05 M ಕೆಎಚ್‌ಪಿಯೇ. ನಿಮ್ಮ ಫ್ಲಾಸ್ಕಿನಲ್ಲಿರುವ ದ್ರಾವಣವೂ ಅದೇ ಹೆಚ್ಚುಕಡಿಮೆ. ಮಿಥೈಲ್ ಆರೆಂಜ್ ತಿರುಗುವುದು 3.1ರಿಂದ 4.4ರೊಳಗೆ. ಬ್ಯೂರೆಟ್ ತೆರೆಯುವ ಮೊದಲೇ ಅರ್ಧ ತಿರುಗಿರುತ್ತದೆ, ಸ್ವಲ್ಪ ಸೋಡಾ ಬಿದ್ದ ಕೂಡಲೇ ಪೂರ್ತಿ ಹಳದಿ. ಪ್ರತಿಕ್ರಿಯೆ ಮುಗಿಯುವುದು ಪಿಎಚ್ 9ರ ಹತ್ತಿರ. ಅಲ್ಲಿ ಉಳಿದದ್ದು ಥ್ಯಾಲೇಟ್, ಅದೊಂದು ದುರ್ಬಲ ಪ್ರತ್ಯಾಮ್ಲ. ಅದಕ್ಕೆ ಸರಿಹೊಂದುವುದು ಫಿನಾಲ್ಫ್ತಲೀನ್.

ಕಾರ್ಬೊನೇಟ್ ಸಮಸ್ಯೆಯನ್ನು ಇಂಡಿಕೇಟರ್‌ನಿಂದ ಬಗೆಹರಿಸುವ ಬದಲು ಮೂಲದಲ್ಲೇ ತೆಗೆಯಿರಿ. 50 ಗ್ರಾಂ ಪೆಲೆಟ್ಟನ್ನು 50 ಎಂಎಲ್ ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಿ ಕರಗಿಸಿ. ಪ್ಲಾಸ್ಟಿಕ್ ಬೀಕರ್ ತಗೊಂಡು ಐಸ್ ನೀರಿನಲ್ಲಿ ಇಟ್ಟು ಮಾಡಿ. ಕುದಿಯುವಷ್ಟು ಬಿಸಿಯಾಗುತ್ತದೆ, ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇಲ್ಲದೆ ಮುಟ್ಟಬಾರದು. ಅಷ್ಟು ಗಟ್ಟಿ ದ್ರಾವಣದಲ್ಲಿ ಸೋಡಿಯಂ ಕಾರ್ಬೊನೇಟ್ ಕರಗುವುದಿಲ್ಲ. ಪ್ಲಾಸ್ಟಿಕ್ ಬಾಟ್ಲಿಯಲ್ಲಿ ಬಿಗಿಯಾಗಿ ಮುಚ್ಚಿ ಕೆಲವು ದಿನ ಕದಲಿಸದೆ ಬಿಟ್ಟರೆ ಬಿಳಿ ಹುಡಿ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯಲ್ಲಿ 5.3 ಎಂಎಲ್ ತೆಗೆದು 1 ಲೀಟರ್‌ಗೆ ಏರಿಸಿದರೆ 0.1 M ಆಸುಪಾಸು ಬರುತ್ತದೆ.

ಆ ತಿಳಿ ಎಣ್ಣೆಯ ಹಾಗೆ ದಪ್ಪ, ಪಿಪೆಟ್‌ನಿಂದ ಪೂರ್ತಿ ಇಳಿಯುವುದಿಲ್ಲ. ಹಾಗಾಗಿ 5.3 ಅನ್ನುವುದನ್ನು ಸಣ್ಣ ಮೆಷರಿಂಗ್ ಸಿಲಿಂಡರ್‌ನಲ್ಲೇ ಅಳೆಯಿರಿ, ವಾಲ್ಯುಮೆಟ್ರಿಕ್ ಫ್ಲಾಸ್ಕೂ ಬೇಕಿಲ್ಲ. ನಿಖರತೆಯನ್ನು ಕೊಡುವುದು ಕೆಎಚ್‌ಪಿ. ತಯಾರಿಯಲ್ಲಿ ನಾಲ್ಕು ದಶಾಂಶದವರೆಗೆ ಒದ್ದಾಡುವುದು ಬರೀ ಸಮಯ ದಂಡ.

ಸುಪ್ರಿಯಾ_ಲ್ಯಾಬ್
ಸರ್, ಏರಿಸೋ ನೀರು ಕುದಿಸಿ ಆರಿಸಿದ್ದೇ ಆಗಬೇಕಾ?

ಕೆಮಿಸ್ಟ್ರಿ ಮೇಷ್ಟ್ರು
ಆಗಬೇಕು. ಹತ್ತು ನಿಮಿಷ ಕುದಿಸಿ, ಮುಚ್ಚಿ ತಣಿಸಿ.

ಅಡಿಗ_ಟೈಟ್ರೇಟರ್
ಮೇಷ್ಟ್ರೇ, ಇಲ್ಲಿ ಮಾತ್ರ ತಕರಾರು ಇದೆ. ಲೆಕ್ಕ ಹಾಕಿ. ಗಾಳಿಗೆ ತೆರೆದಿಟ್ಟ ಶುದ್ಧ ನೀರಿನಲ್ಲಿ ಕರಗೋ ಕಾರ್ಬನ್ ಡೈಆಕ್ಸೈಡ್ ಲೀಟರಿಗೆ ಸುಮಾರು 0.014 ಮಿಲಿಮೋಲ್. ಕೆಎಚ್‌ಪಿ ಕರಗಿಸೋ 50 ಎಂಎಲ್‌ನಲ್ಲಿ ಅದು 0.0007 ಮಿಲಿಮೋಲ್. 0.1 M ಸೋಡಾದಲ್ಲಿ 0.007 ಎಂಎಲ್. ಒಂದು ಹನಿನೇ 0.05 ಎಂಎಲ್ ಇರುವಾಗ ಇದು ಯಾರ ಕಣ್ಣಿಗೆ ಕಾಣುತ್ತೆ? ಪೆಲೆಟ್ ಮೇಲೆ ಕೂತಿರೋ ಕಾರ್ಬೊನೇಟ್ ಇದಕ್ಕಿಂತ ಎಷ್ಟೋ ಪಾಲು ಜಾಸ್ತಿ. ಅದನ್ನ ಬಿಟ್ಟು ನೀರು ಕುದಿಸೋಕೆ ಹೊರಡೋದು ಯಾವ ನ್ಯಾಯ?

ಕೆಮಿಸ್ಟ್ರಿ ಮೇಷ್ಟ್ರು
ನಿಮ್ಮ ಲೆಕ್ಕ ಗಾಳಿಯೊಂದಿಗೆ ಸಮತೋಲಕ್ಕೆ ಬಂದ ನೀರಿಗೆ ಸರಿ. ನಲ್ಲಿ ನೀರಿನಲ್ಲಿ ಬೈಕಾರ್ಬೊನೇಟ್ ಇರುತ್ತದೆ, ಅದನ್ನು ಬಟ್ಟಿ ಇಳಿಸುವಾಗ ಬಿಡುಗಡೆಯಾದ ಕಾರ್ಬನ್ ಡೈಆಕ್ಸೈಡ್ ಆವಿಯ ಜೊತೆ ಈಚೆ ಬಂದು ಮತ್ತೆ ಕರಗುತ್ತದೆ. ಆಗ ನೀರಿನಲ್ಲಿ ಸಮತೋಲಕ್ಕಿಂತ ಹೆಚ್ಚೇ ಇರಬಹುದು. ಎಷ್ಟಿದೆ ಅಂತ ಗೊತ್ತಿಲ್ಲದಾಗ ಕುದಿಸುವುದೇ ಸರಿ ಅನ್ನುವುದು ನನ್ನ ನಿಲುವು.

ಅಡಿಗ_ಟೈಟ್ರೇಟರ್
ಎಷ್ಟಿದೆ ಅಂತ ತಿಳಿಯೋಕೆ ಬ್ಲಾಂಕ್ ಇದೆಯಲ್ಲ. ಕೆಎಚ್‌ಪಿ ಇಲ್ಲದೆ ಅಷ್ಟೇ ನೀರು, ಅಷ್ಟೇ ಇಂಡಿಕೇಟರ್, ಅದೇ ತಿಳಿ ಗುಲಾಬಿವರೆಗೆ. ಒಂದು ಹನಿಯೊಳಗೆ ಮುಗಿದರೆ ನೀರು ಚೆನ್ನಾಗಿದೆ. ಮೂರು ಹನಿ ಕುಡಿದರೆ ಆಗ ಕುದಿಸಿ. ಸುಮ್ನೆ ಪದ್ಧತಿ ಅಂತ ಪ್ರತಿ ಸಲ ಕುದಿಸೋದನ್ನ ನಾನು ಒಪ್ಪಲ್ಲ.

ವಸುಧಾ ಕೆ.
ಬ್ಲಾಂಕ್ ವಿಷಯದಲ್ಲಿ ಅಡಿಗ ಸರ್ ಕಡೆ ನಾನು. ಬರೀ ಟೈಟ್ರೇಶನ್ ನೀರಿಗೆ ಮಾತ್ರ. ತಿಂಗಳುಗಟ್ಟಲೆ ಇಡೋ ಸ್ಟಾಕ್‌ಗೆ ಕುದಿಸಿದ ನೀರೇ ಹಾಕ್ತೀನಿ.

ಎಣ್ಣೆ_ಪರೀಕ್ಷೆ
ನಮ್ಮಲ್ಲಿ ಎಣ್ಣೆಯ ಆಸಿಡ್ ವ್ಯಾಲ್ಯೂಗೆ ಆಲ್ಕೊಹಾಲಿಕ್ ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಬಳಸ್ತೀವಿ. ಕೆಎಚ್‌ಪಿ ಆಲ್ಕೊಹಾಲ್‌ನಲ್ಲಿ ಕರಗ್ತಾನೇ ಇಲ್ಲ, ಬಿಳಿ ಪುಡಿ ಹಾಗೇ ಕೂರುತ್ತೆ. ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಆದ್ರೆ ಪ್ರೈಮರಿ ಸ್ಟ್ಯಾಂಡರ್ಡ್ ಆಗುತ್ತಾ, ನೇರ ತೂಗಬಹುದಾ?

ವಸುಧಾ ಕೆ.
ಅಯ್ಯೋ, ಅದು ಇನ್ನೂ ಕಷ್ಟ. ಪೆಲೆಟ್‌ನಲ್ಲೇ ನೀರು ನೂರಕ್ಕೆ ಹತ್ತರ ಮೇಲಿರೋದು ಸಾಮಾನ್ಯ.

ಕೆಎಚ್‌ಪಿಯನ್ನ ನೀರಿನಲ್ಲೇ ಕರಗಿಸಿ, ಬ್ಯೂರೆಟ್‌ನಿಂದ ಆಲ್ಕೊಹಾಲಿಕ್ ದ್ರಾವಣ ಇಳಿಸಿ. ಫ್ಲಾಸ್ಕಿನಲ್ಲಿ ನೀರೇ ಹೆಚ್ಚಿರೋದರಿಂದ ಹರಳು ಮತ್ತೆ ಬೀಳಲ್ಲ. ಇನ್ನೊಂದು ಗಮನಿಸಿ, ಎಥನಾಲ್ ಡಿಗ್ರಿಗೆ ಸುಮಾರು 0.1% ಹಿಗ್ಗುತ್ತೆ. ಬೆಳಿಗ್ಗೆ ಸ್ಟ್ಯಾಂಡರ್ಡೈಸ್ ಮಾಡಿ ಮಧ್ಯಾಹ್ನ ಕೋಣೆ 5 ಡಿಗ್ರಿ ಬಿಸಿಯಾಗಿದ್ದರೆ ಅರ್ಧ ಶೇಕಡಾ ಅಲ್ಲೇ ಹೋಯ್ತು. ನೀರಿನ ದ್ರಾವಣದಲ್ಲಿ ಇಷ್ಟು ಕಾಣಲ್ಲ.

ಎಣ್ಣೆ_ಪರೀಕ್ಷೆ
ಓ, ಅದಕ್ಕೇ ಮಧ್ಯಾಹ್ನದ ಬ್ಯಾಚ್ ಯಾವಾಗಲೂ ಸ್ವಲ್ಪ ಮೇಲಿರುತ್ತೆ ಅನ್ಸುತ್ತೆ. ಥ್ಯಾಂಕ್ಸ್ ಮೇಡಂ.

ಸುಪ್ರಿಯಾ_ಲ್ಯಾಬ್
ಹರಳು ಪುಡಿ ಮಾಡಿ, ಬಿಸಿ ನೀರಲ್ಲಿ ಕರಗಿಸಿ, ತಣಿಸಿ ಮತ್ತೆ ಮಾಡಿದೆ. 0.5203 ಗ್ರಾಂಗೆ 26.52 ಎಂಎಲ್, ಅಂದರೆ 0.0961. ಮೂರನೇ ರೀಡಿಂಗ್ ಬಿಟ್ಟು ಉಳಿದದ್ದರ ಸರಾಸರಿ ತಗೊಂಡಿದ್ದೇನೆ, ಬಿಟ್ಟ ಕಾರಣವನ್ನೂ ನೋಟ್‌ಬುಕ್‌ನಲ್ಲಿ ಬರೆದಿದ್ದೇನೆ. ಕೊನೆಯ ಎರಡು ಹನಿ ಮೆಲ್ಲಗೆ ಜಾರುವುದು ಈಗಲೂ ಇದೆ, ಅದು ಕಾರ್ಬೊನೇಟ್ ಇರಬೇಕು. ಗಟ್ಟಿ ದ್ರಾವಣ ಇವತ್ತೇ ಮಾಡಿ ಇಡುತ್ತೇನೆ.

ಇನ್ನೊಂದು ಕೇಳಬೇಕಿತ್ತು. ಪ್ರತಿ ಸಲ ಬೇರೆ ಬೇರೆ ತೂಗುವ ಬದಲು ಕೆಎಚ್‌ಪಿ 5 ಗ್ರಾಂ ಒಮ್ಮೆಗೇ ತೂಗಿ 250 ಎಂಎಲ್ ಮಾಡಿ 25 ಎಂಎಲ್ ಪಿಪೆಟ್‌ನಲ್ಲಿ ತೆಗೆದರೆ?

ಅಡಿಗ_ಟೈಟ್ರೇಟರ್
ಧಾರಾಳವಾಗಿ. ತೂಗೋದು ಒಂದೇ ಸಲ, 5 ಗ್ರಾಂನಲ್ಲಿ ತಕ್ಕಡಿ ತಪ್ಪು ಲೆಕ್ಕಕ್ಕೇ ಬರಲ್ಲ. ಹರಳು ಕರಗದೆ ಉಳಿಯೋ ತೊಂದರೆನೂ ಫ್ಲಾಸ್ಕಿನಲ್ಲೇ ಮುಗಿಯುತ್ತೆ.

ಕೆಮಿಸ್ಟ್ರಿ ಮೇಷ್ಟ್ರು
ನನಗೆ ಒಪ್ಪಿಗೆಯಿಲ್ಲ. ಆ ಒಂದು ತೂಕ ತಪ್ಪಿದರೆ ಮೂರೂ ರೀಡಿಂಗ್ ಒಂದಕ್ಕೊಂದು ಚೆನ್ನಾಗಿ ಹೊಂದಿಕೊಂಡು ತಪ್ಪಾಗಿ ಬರುತ್ತವೆ. ಬೇರೆ ಬೇರೆ ತೂಗಿದ್ದರಿಂದಲೇ ಇವರ ಮೂರನೆಯದು ಎದ್ದು ಕಂಡದ್ದು. ಪಿಪೆಟ್‌ನ ತಪ್ಪೂ ಜೊತೆಗೆ ಸೇರುತ್ತದೆ.

ಅಡಿಗ_ಟೈಟ್ರೇಟರ್
ಎರಡು ಸ್ಟಾಕ್ ಮಾಡಿ, ಬೇರೆ ಬೇರೆ ತೂಗಿ. ಎರಡೂ ಹೊಂದಿಕೊಂಡರೆ ನಿಮ್ಮ ಆಕ್ಷೇಪಣೆಗೆ ಉತ್ತರ ಸಿಕ್ಕ ಹಾಗೆ.

ಕೆಮಿಸ್ಟ್ರಿ ಮೇಷ್ಟ್ರು
ಎರಡು ಸ್ಟಾಕ್ ಮಾಡುವ ಹೊತ್ತಿಗೆ ನಾನು ಮೂರು ತೂಗಿ ಟೈಟ್ರೇಶನ್ ಮುಗಿಸಿರುತ್ತೇನೆ. ಆದರೂ ಮಾಡಿ ನೋಡಲಿ, ಎರಡೂ ವಿಧಾನದ ಅಂಕಿ ಇಲ್ಲೇ ಹಾಕಲಿ.